ಪದಚರ್ಚೆ: ಆರ್ಡರ್ ಬುಕ್‌ನ ‘ಡೆಪ್ತ್’, ‘ವಾಲ್’, ‘ಫೇಕ್ ವಾಲ್’ಗೆ ಕನ್ನಡದಲ್ಲಿ ಏನನ್ನೋಣ?

ಕೇಳಿದವರು: ಅನುವಾದಕಿ, ಧಾರವಾಡ

ಕ್ರಿಪ್ಟೊ ವಹಿವಾಟಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟೋಕನ್ ಒಂದನ್ನು ರೂಪಾಯಿಗೆ ಕೊಂಡು ಮಾರುವ, ವಹಿವಾಟು ಕಡಿಮೆ ಇರುವ ಜೋಡಿಯಲ್ಲಿ ಆರ್ಡರ್ ಬುಕ್, ಅಂದರೆ ಯಾವ ಬೆಲೆಗೆ ಎಷ್ಟು ಕೊಳ್ಳಲು, ಮಾರಲು ಜನ ಕಾದಿದ್ದಾರೆ ಎಂಬ ಪಟ್ಟಿ, ಓದುವುದು ಹೇಗೆ ಎಂಬ ಅಧ್ಯಾಯ ಬಂದಿದೆ. ‘ಡೆಪ್ತ್’ಗೆ ‘ಆಳ’ ಎಂದು ಬರೆದೆ. ಒಂದೇ ಬೆಲೆಯಲ್ಲಿ ನಿಂತ ಬಹು ದೊಡ್ಡ ಆರ್ಡರ್ ‘ವಾಲ್’; ಅದಕ್ಕೆ ‘ಗೋಡೆ’ ಎಂದೇ ಇಟ್ಟೆ. ‘ಫೇಕ್ ವಾಲ್’ ಬಂದಾಗ ಪೆನ್ನು ನಿಂತಿತು. ‘ನಕಲಿ ಗೋಡೆ’ ಎಂದರೆ ನಕಲಿ ನೋಟಿನ ಹಾಗೆ ಕೇಳುತ್ತದೆ. ಆ ಆರ್ಡರ್ ನಿಜವಾಗಿಯೂ ಪರದೆಯ ಮೇಲೆ ಇರುತ್ತದೆ, ಹಣವೂ ಕಟ್ಟಿರುತ್ತದೆ. ಹಾಗಿದ್ದರೆ ಅದು ‘ನಕಲಿ’ ಆಗುವುದು ಯಾವ ಅರ್ಥದಲ್ಲಿ?

ಮೊದಲ ಉತ್ತರ: ನಿವೃತ್ತ ಕನ್ನಡ ಅಧ್ಯಾಪಕರು, ಮೈಸೂರು

ಒಕ್ಕಲುತನದಲ್ಲಿ ಇದಕ್ಕೊಂದು ಮಾತು ಸಿದ್ಧವಾಗಿದೆ: ‘ಜೊಳ್ಳು’. ತೆನೆಯಲ್ಲಿ ಕಾಳಿದ್ದಂತೆ ಕಾಣುತ್ತದೆ, ಹಿಸುಕಿದರೆ ಒಳಗೆ ಏನೂ ಇಲ್ಲ. ‘ಜೊಳ್ಳು ಗೋಡೆ’ ಎನ್ನಿ. ಬಂದ ಗೋಡೆ ಸ್ವಲ್ಪ ಹೊತ್ತಿಗೆ ಮಾಯವಾದರೆ ಜೊಳ್ಳು, ನಿಂತರೆ ಗಟ್ಟಿ. ಪರೀಕ್ಷೆ ಅಷ್ಟೇ ಅಲ್ಲವೇ?

ಎರಡನೆಯ ಉತ್ತರ: ಷೇರು ವ್ಯವಹಾರ ಮಾಡುವವರು, ಹುಬ್ಬಳ್ಳಿ

ನನ್ನ ಬ್ರೋಕರ್ ಆಪ್‌ನಲ್ಲಿ ಐದೇ ಸಾಲು ಕಾಣ್ತವೆ. ಕೆಳಗೆ ಕೊಳ್ಳುವ ಒಟ್ಟು 4 ಲಕ್ಷ, ಮಾರುವ ಒಟ್ಟು 1 ಲಕ್ಷ ಅಂತ ಇರ್ತದೆ. ಇದೇ ‘ಆಳ’ ಅಲ್ಲವೇ? ಕೊಳ್ಳುವವರು ನಾಲ್ಕು ಪಟ್ಟು ಇದ್ದರೆ ಬೆಲೆ ಏರಬೇಕಲ್ಲ, ನನ್ನ ಷೇರು ಯಾಕೆ ಇಳೀತು?

ಮೂರನೆಯ ಉತ್ತರ: ಕ್ರಿಪ್ಟೊ ಜೋಡಿಗಳಲ್ಲಿ ಎರಡೂ ಕಡೆ ಆರ್ಡರ್ ಇಡುವ ಕೆಲಸ ಮಾಡುವವರು, ಬೆಂಗಳೂರು

ಹುಬ್ಬಳ್ಳಿಯವರೇ, ಆ ಒಟ್ಟು ಲೆಕ್ಕದಲ್ಲಿ ಈಗಿನ ಬೆಲೆಯಿಂದ ಬಹಳ ದೂರದ, ಎಂದೂ ಕುದುರದ ಆರ್ಡರ್‌ಗಳೂ ಸೇರಿರುತ್ತವೆ. ಅದನ್ನು ಆಳ ಎನ್ನಲಾಗದು. ಈ ಬೆಲೆಯಿಂದ ಇಷ್ಟು ದೂರದೊಳಗೆ ಎಷ್ಟು ಸರಕು ಕುದುರುತ್ತದೆ ಎಂಬುದೇ ಆಳ. ದೂರ ಹೇಳದೆ ಆಳ ಹೇಳಿದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಧಾರವಾಡದ ಮೇಡಂ, ನಿಮ್ಮ ವಾಕ್ಯದಲ್ಲಿ ‘ಶೇ. 2ರ ಆಳ’ ಎಂಬಂತೆ ದೂರವನ್ನು ಸೇರಿಸಿಯೇ ಬರೆಯಿರಿ.

ಒಂದು ಪಟ್ಟಿ ಕಟ್ಟಿ ತೋರಿಸುತ್ತೇನೆ. ಮೊದಲು ಬೆಲೆ, ಅದರ ಮುಂದೆ ಟೋಕನ್‌ಗಳ ಸಂಖ್ಯೆ. ಅಂಕಿಗಳು ಉದಾಹರಣೆಗಾಗಿ ಮಾಡಿಕೊಂಡವು.

```
ಮಾರುವವರು   42.30    800
           42.00    450
           41.90    300
ಕೊಳ್ಳುವವರು  41.50    250
           41.40    400
           41.10    600
           40.80    900
           40.50  20000
```

41.50 ಮತ್ತು 41.90ರ ನಡುಬೆಲೆ 41.70. ಅದರಿಂದ ಶೇ. 2 ಕೆಳಗೆ ಎಂದರೆ ಸುಮಾರು 40.87. ಅಷ್ಟರೊಳಗೆ ಕೊಳ್ಳುವ ಕಡೆ ಇರುವುದು ಬರೀ 1,250 ಟೋಕನ್. 40.50ರ ಇಪ್ಪತ್ತು ಸಾವಿರ ಅದರಾಚೆ ನಿಂತಿದೆ. ನೀವೀಗ 2,000 ಟೋಕನ್ ಅನ್ನು ಮಾರ್ಕೆಟ್ ಆರ್ಡರ್‌ನಲ್ಲಿ, ಅಂದರೆ ಸಿಕ್ಕ ಬೆಲೆಗೆ ತಕ್ಷಣ, ಮಾರಿದರೆ ಮೇಲಿನ ಮೂರು ಸಾಲು ಖಾಲಿಯಾಗಿ, ನಾಲ್ಕನೆಯದರಲ್ಲಿ 750 ಕುದುರುತ್ತದೆ. ಕೈಗೆ ಬರುವುದು 82,195 ರೂಪಾಯಿ, ಸರಾಸರಿ 41.10. ನಡುಬೆಲೆಗಿಂತ ಟೋಕನ್‌ಗೆ 60 ಪೈಸೆ ಕಡಿಮೆ. ಅಷ್ಟು ದೊಡ್ಡ ಗೋಡೆ ಕಣ್ಣೆದುರಿಗಿದ್ದರೂ ನಿಮಗೆ ಅದರಿಂದ ಒಂದು ಪೈಸೆಯ ಆಸರೆ ಸಿಗಲಿಲ್ಲ. ತೆಳು ಜೋಡಿ ಎಂದರೆ ಇದು.

ಇನ್ನು ಗೋಡೆಯ ವಿಚಾರ. ಮೊದಲು ಬೆಲೆಗಳನ್ನು ಗುಂಪು ಮಾಡುವ ಆಯ್ಕೆಯನ್ನು ಅತಿ ಚಿಕ್ಕ ಅಂತರಕ್ಕೆ ಇಳಿಸಿಕೊಳ್ಳಬೇಕು. ಒಂದು ರೂಪಾಯಿ ಅಂತರದಲ್ಲಿ ನೋಡಿದರೆ ಹತ್ತಾರು ಚಿಕ್ಕ ಆರ್ಡರ್‌ಗಳು ಸೇರಿ ಒಂದೇ ಗೋಡೆಯಂತೆ ಕಾಣುತ್ತವೆ. ಎಷ್ಟೋ ಗೋಡೆಗಳು ಅಲ್ಲೇ ಕರಗಿಹೋಗುತ್ತವೆ. ಆಮೇಲೂ 40.50ರಲ್ಲಿ ಇಪ್ಪತ್ತು ಸಾವಿರ ಒಂದೇ ಸಾಲಿನಲ್ಲಿ ನಿಂತಿದ್ದರೆ, ನಡೆದ ವಹಿವಾಟಿನ ಪಟ್ಟಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಅಧ್ಯಾಪಕರೇ, ನಿಮ್ಮ ಪರೀಕ್ಷೆ ಅರ್ಧ ಸರಿ. ಗೋಡೆ ಮೂರು ಕಾರಣಕ್ಕೆ ಮಾಯವಾಗುತ್ತದೆ. ಯಾರೋ ಅದಕ್ಕೆ ಮಾರಿ ಮುಗಿಸಿರಬಹುದು. ಹಾಗಿದ್ದರೆ ಗೋಡೆಯಿಂದ ಕಳೆದಷ್ಟೇ ಪ್ರಮಾಣ 40.50ರ ಬೆಲೆಯಲ್ಲಿ ನಡೆದ ವಹಿವಾಟಾಗಿ ಪಟ್ಟಿಯಲ್ಲಿ ಬಿದ್ದಿರುತ್ತದೆ. ಎರಡನೆಯದು ನಮ್ಮಂಥವರ ಆರ್ಡರ್. ಅದೇ ಟೋಕನ್‌ನ ಡಾಲರ್ ಬೆಲೆ ದೊಡ್ಡ ವಿನಿಮಯ ಕೇಂದ್ರದಲ್ಲಿ ಕದಲಿದ ಕೂಡಲೇ ನಾವು ಎರಡೂ ಕಡೆಯ ಆರ್ಡರ್ ಎತ್ತಿ ಬೇರೆ ಬೆಲೆಗೆ ಇಡುತ್ತೇವೆ. ಆಗ ಕೊಳ್ಳುವ ಕಡೆ ಹೋದರೆ ಮಾರುವ ಕಡೆಯೂ ಹೋಗುತ್ತದೆ, ಮತ್ತು ದಿನವಿಡೀ ನಮಗೆ ಅಷ್ಟಿಷ್ಟು ಕುದುರುತ್ತಲೂ ಇರುತ್ತದೆ.

ಮೂರನೆಯದೇ ನೀವು ಹುಡುಕುತ್ತಿರುವುದು. ಹೊರಗಿನ ಬೆಲೆ ಕದಲಿಲ್ಲ. ಆದರೆ ಇಲ್ಲಿ 41.50, 41.40, 41.10 ಖಾಲಿಯಾಗಿ 40.80ಕ್ಕೆ ಕೈ ಹಾಕುತ್ತಿದ್ದಂತೆ ಇಪ್ಪತ್ತು ಸಾವಿರ ಸೊನ್ನೆಯಾಯಿತು. 40.50ರಲ್ಲಿ ಒಂದೂ ವಹಿವಾಟಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಇಪ್ಪತ್ತು ಸಾವಿರ 40.10ರಲ್ಲಿ ಕಾಣಿಸಿತು. ಇತ್ತ 41.90ರಲ್ಲಿ ಮುನ್ನೂರು ಮುನ್ನೂರಾಗಿ ಮಾರಾಟ ನಡೆಯುತ್ತಿದೆ, ಖಾಲಿಯಾದಷ್ಟೂ ಮತ್ತೆ ತುಂಬುತ್ತಿದೆ. ಗೋಡೆಯನ್ನು ನೆಚ್ಚಿ ಕೊಂಡವರಿಗೆ ಮಾರುತ್ತಿರುವವನೇ ಗೋಡೆ ಇಟ್ಟಿರುವ ಸಾಧ್ಯತೆ ಹೆಚ್ಚು. ಒಮ್ಮೆ ಹೀಗಾದರೆ ನಾನು ತೀರ್ಪು ಕೊಡುವುದಿಲ್ಲ. ಮೂರು ನಾಲ್ಕು ಸಲ ಅದೇ ಪ್ರಮಾಣ, ಅದೇ ಜಾರುವಿಕೆ ಕಂಡರೆ ಅನುಮಾನ ಬಲವಾಗುತ್ತದೆ. 40.50ರ ಗೋಡೆಗೆ 8,10,000 ರೂಪಾಯಿ ಕಟ್ಟಿದರೆ ಸಾಕು. ಆರ್ಡರ್ ಇಟ್ಟು ತೆಗೆಯುವುದಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ, ಅಪಾಯವೂ ಕಡಿಮೆ, ಏಕೆಂದರೆ ತೆಳು ಜೋಡಿಯಲ್ಲಿ ಒಮ್ಮೆಗೇ ಇಪ್ಪತ್ತು ಸಾವಿರ ಮಾರುವವರು ಅಪರೂಪ.

ನಾಲ್ಕನೆಯ ಉತ್ತರ: ವಕೀಲರು, ಮಂಗಳೂರು

ಪದ ಆಯುವಾಗ ಒಂದು ಎಚ್ಚರ ಬೇಕು. ಅಮೆರಿಕದ 2010ರ ಡಾಡ್-ಫ್ರಾಂಕ್ ಕಾಯಿದೆ ‘ಸ್ಪೂಫಿಂಗ್’ ಅನ್ನು ನಿಷೇಧಿಸಿದ್ದು ‘ಕುದುರುವ ಮೊದಲೇ ರದ್ದು ಮಾಡುವ ಉದ್ದೇಶದಿಂದ’ ಕೊಳ್ಳುವ ಇಲ್ಲವೇ ಮಾರುವ ಆರ್ಡರ್ ಇಡುವುದು ಎಂಬ ಅರ್ಥದಲ್ಲಿ. ಅಲ್ಲಿ ತಪ್ಪು ಇರುವುದು ಉದ್ದೇಶದಲ್ಲಿ, ರದ್ದತಿಯಲ್ಲಲ್ಲ. ಅಮೆರಿಕದ ಷೇರುಪೇಟೆಯ 2010ರ ಮೇ 6ರ ದಿಢೀರ್ ಕುಸಿತದ ಸಂಬಂಧ ಲಂಡನ್‌ನ ನವೀಂದರ್ ಸಿಂಗ್ ಸರಾವ್ ಮೇಲೆ ಪ್ರಕರಣ ನಡೆದು, 2016ರಲ್ಲಿ ಆತ ತಪ್ಪೊಪ್ಪಿಕೊಂಡ. ಅಲ್ಲಿಯೂ ಬೆಲೆಯ ಜೊತೆಗೇ ಸರಿಯುತ್ತಿದ್ದ ದೊಡ್ಡ ಆರ್ಡರ್‌ಗಳೇ ಮುಖ್ಯ ವಿಷಯ. ಪರದೆ ನೋಡಿದವನಿಗೆ ಕಾಣುವುದು ಸರಿದಾಟ ಮಾತ್ರ, ಮನಸ್ಸು ಕಾಣುವುದಿಲ್ಲ. ‘ಜೊಳ್ಳು’ ಎಂದರೆ ಒಳಗೆ ಏನೂ ಇಲ್ಲ ಎಂದು ತೀರ್ಪು ಕೊಟ್ಟ ಹಾಗೆ. ಕಂಡದ್ದಕ್ಕೆ ‘ಜಾರುಗೋಡೆ’ ಎನ್ನಿ, ಉದ್ದೇಶ ಸಾಬೀತಾದದ್ದಕ್ಕೆ ಮಾತ್ರ ‘ಹುಸಿಗೋಡೆ’.

ಅಧ್ಯಾಪಕರು, ಮೈಸೂರು

ವಕೀಲರೇ, ಒಪ್ಪಿದೆ. ಆದರೆ ‘ಜಾರುಗೋಡೆ’ ಕೇಳಿದವನಿಗೆ ಜಾರುಬಂಡೆ ನೆನಪಾಗುತ್ತದೆ. ‘ಸರಿಗೋಡೆ’ ಎಂದರೆ ಸರಿಯಾದ ಗೋಡೆ ಎಂದಾದೀತು. ‘ನಿಲ್ಲದ ಗೋಡೆ’ ಎಂದು ಬಿಡಿಸಿ ಹೇಳಿದರೆ ಗೊಂದಲವಿರದು.

ಕೇಳಿದವರು, ಧಾರವಾಡ

ಅಧ್ಯಾಯಕ್ಕೆ ಹೀಗೆ ಇಟ್ಟುಕೊಳ್ಳುತ್ತೇನೆ: ‘ಶೇ. 2ರ ಆಳ’, ‘ತೆಳು ಜೋಡಿ’, ‘ನಿಲ್ಲದ ಗೋಡೆ’. ಮೂಲದಲ್ಲಿ ಲೇಖಕ ‘ಫೇಕ್’ ಎಂದು ಖಚಿತವಾಗಿ ಆರೋಪಿಸಿದ ಎರಡು ಕಡೆ ಮಾತ್ರ ‘ಹುಸಿಗೋಡೆ’. ಇನ್ನೊಂದು ಉಳಿದಿದೆ. ಪಟ್ಟಿಯಲ್ಲಿ 500 ಮಾತ್ರ ಕಾಣಿಸಿ, ಅದೇ ಬೆಲೆಯಲ್ಲಿ 3,000 ಕುದುರಿದ ಮೇಲೂ ಮತ್ತೆ 500 ಉಳಿಯುವ ಆರ್ಡರ್‌ಗೆ ಮೂಲದಲ್ಲಿ ‘ಐಸ್‌ಬರ್ಗ್’ ಎಂದಿದೆ. ಹಿಮಬಂಡೆಯನ್ನು ಕಾಣದ ನಮ್ಮ ಓದುಗರಿಗೆ ಏನನ್ನಲಿ?

ಬೆಂಗಳೂರಿನವರು

ನಾವು ‘ಐಸ್‌ಬರ್ಗ್’ ಎಂದೇ ಅನ್ನುತ್ತೇವೆ. ‘ಮುಚ್ಚಿಟ್ಟ ಆರ್ಡರ್’ ಎಂದರೆ ಅರ್ಥವಾದೀತು, ಆದರೆ ಪೂರ್ತಿ ಮರೆಯಾಗಿರುವ ಆರ್ಡರ್ ಬೇರೆಯೇ ಇದೆ. ಎರಡನ್ನೂ ಬೆರೆಸಬೇಡಿ.