ಪ್ರೊಫೆಸರ್‌ಗೆ ಮೊದಲ ಮೇಲ್: ಉತ್ತರ ಯಾಕೆ ಬರಲಿಲ್ಲ?

ಪ್ರಶ್ನೆ: ಪಿಎಚ್‌ಡಿಗೆ ಅರ್ಜಿ ಹಾಕುವ ಮೊದಲು ಆರು ಪ್ರೊಫೆಸರ್‌ಗಳಿಗೆ ಮೇಲ್ ಮಾಡಿದೆ. "ನಿಮ್ಮ ಸಂಶೋಧನೆ ತುಂಬಾ ಇಷ್ಟವಾಯಿತು, ಜಾಗ ಇದೆಯಾ?" ಅಂತ ಕೇಳಿದ್ದೆ. ಒಬ್ಬರಿಂದಲೂ ಉತ್ತರವಿಲ್ಲ. ನನ್ನ ವಿಷಯ ಮಣ್ಣಿನ ತೇವ ಅಳೆಯುವ ಸೆನ್ಸರ್. ಎಲ್ಲಿ ಎಡವಿದೆ?

ಮೊದಲನೆಯವರು: ಆರು ಸಾಲದು. ನಾನು ಒಂದೇ ಮೇಲನ್ನು 60 ಜನಕ್ಕೆ ಕಳಿಸಿದ್ದೆ, ಇಬ್ಬರು ಉತ್ತರಿಸಿದರು. ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ.

ಪಿಎಚ್‌ಡಿ ನಾಲ್ಕನೇ ವರ್ಷದವರು: ನೆನಪಿಸುವುದು ಸರಿ, ಅದೂ ಒಂದೇ ಸಲ. ಆದರೆ ಒಂದೇ ಮೇಲ್ ಎಲ್ಲರಿಗೂ ಬೇಡ. ನಮ್ಮ ಲ್ಯಾಬಿಗೆ ಬರುವ ಇಂಥ ಮೇಲ್‌ಗಳನ್ನು ಮೊದಲು ನಾನೇ ಓದುತ್ತೇನೆ. ಒಂದರಲ್ಲಿ ಹೆಸರು ನಮ್ಮ ಮೇಡಂದು, ಹೊಗಳಿದ್ದ ಪೇಪರ್ ಬೇರೆ ಲ್ಯಾಬಿನದು! ಅಲ್ಲಿಗೇ ಮುಗಿಯಿತು.

ನಿಮ್ಮ ಸಾಲನ್ನೇ ನೋಡಿ. ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದು, ಅಲ್ವಾ? ಅದರ ಬದಲು ಹೀಗೆ ಬರೆಯಿರಿ: "ನಿಮ್ಮ ಕಳೆದ ವರ್ಷದ ಪೇಪರ್‌ನಲ್ಲಿ ಸೆನ್ಸರನ್ನು ಮರಳು ಮಣ್ಣಿನಲ್ಲಿ ಮಾತ್ರ ಪರೀಕ್ಷಿಸಿದ್ದೀರಿ. ನನ್ನ ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಜೇಡಿಮಣ್ಣು ಬಳಸಿದಾಗ, ಬಿಸಿ ಏರಿದಂತೆ ರೀಡಿಂಗ್ ತಪ್ಪುತ್ತಾ ಹೋಯಿತು. ಇದನ್ನು ಸರಿಪಡಿಸುವ ಕೆಲಸ ನಿಮ್ಮ ಲ್ಯಾಬಿನಲ್ಲಿ ನಡೆಯುತ್ತಿದೆಯೇ?" ಇಷ್ಟು ಬರೆಯಲು ಪೇಪರ್ ಓದಲೇಬೇಕು. ಓದಿದ್ದೀರಿ, ಕೈಯಿಂದ ಕೆಲಸ ಮಾಡಿದ್ದೀರಿ ಎಂದು ಅವರಿಗೂ ಗೊತ್ತಾಗುತ್ತದೆ.

ಕಳಿಸುವ ಮೊದಲು ಲ್ಯಾಬಿನ ಪುಟ ನೋಡಿ. ಸಬ್ಜೆಕ್ಟ್ ಸಾಲಿನಲ್ಲಿ ಇಂಥ ಪದ ಇರಲಿ ಅಂತ ಕೆಲವರು ಅಲ್ಲೇ ಹೇಳಿರುತ್ತಾರೆ. ಮೇಲ್ ಫೋನಿನಲ್ಲಿ ಓದಿ ಮುಗಿಸುವಷ್ಟಿದ್ದರೆ ಸಾಕು, ರೆಸ್ಯೂಮೆ ಪಿಡಿಎಫ್‌ನಲ್ಲಿರಲಿ.

ಮೂರನೆಯವರು: ನನ್ನದು ಬೇರೆಯೇ ಆಯ್ತು. ಶಿಫಾರಸು ಪತ್ರ ಕೊಡುತ್ತೇನೆ ಅಂದಿದ್ದ ಸರ್ ಕೊನೇ ದಿನದವರೆಗೂ ಕೊಡಲಿಲ್ಲ. ಅದಕ್ಕೆ ಮೂವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನಾಲ್ಕನೇ ವರ್ಷದವರು: ಅದು ಅರ್ಜಿ ಹಾಕುವಾಗಿನ ಮಾತು, ಈ ಮೇಲ್‌ನಲ್ಲಿ ಶಿಫಾರಸು ಪತ್ರ ಬೇಡ. ಇನ್ನೊಂದು ವಿಷಯ: ಕೆಲವು ವಿಭಾಗಗಳಲ್ಲಿ ಯಾರನ್ನು ಸೇರಿಸಿಕೊಳ್ಳಬೇಕೆಂದು ಸಮಿತಿ ತೀರ್ಮಾನಿಸುತ್ತದೆ. ಅಂಥ ಕಡೆ ಪ್ರೊಫೆಸರ್ "ಅರ್ಜಿ ಹಾಕಿ" ಎಂದಷ್ಟೇ ಬರೆಯುತ್ತಾರೆ. ಅದು ಒಪ್ಪಿಗೆಯೂ ಅಲ್ಲ, ಬೇಡ ಎಂಬುದೂ ಅಲ್ಲ. ರಿಸರ್ಚ್ ಅಸಿಸ್ಟೆಂಟ್ ಕೆಲಸ ಹಾಗಲ್ಲ. ಪ್ರಾಜೆಕ್ಟ್ ಹಣ ಅವರ ಕೈಲಿದ್ದರೆ ಅವರ ಮಾತಿಗೆ ಜಾಸ್ತಿ ತೂಕ.

ಕೇಳಿದವರು: ಆರು ಬಿಟ್ಟು ಎರಡೇ ಲ್ಯಾಬ್ ಆರಿಸಿಕೊಂಡು ಪೇಪರ್ ಓದುತ್ತಿದ್ದೇನೆ. ಸ್ಟೈಪೆಂಡ್ ಬಗ್ಗೆ ಮೊದಲ ಮೇಲಲ್ಲೇ ಕೇಳಬಹುದೇ?

ಮೊದಲನೆಯವರು: ಕೇಳಿ. ಹಣವಿಲ್ಲದ ಕಡೆ ಸುಮ್ನೆ ತಿಂಗಳುಗಟ್ಟಲೆ ಕಾಯೋದು ಯಾಕೆ?

ನಾಲ್ಕನೇ ವರ್ಷದವರು: ನಾನಾದರೆ ಅವರ ಉತ್ತರ ಬಂದ ಮೇಲೆ ಕೇಳುತ್ತೇನೆ. ಮೊದಲ ಮೇಲಲ್ಲಿ "ಈ ವರ್ಷ ಹೊಸಬರನ್ನು ತೆಗೆದುಕೊಳ್ಳುತ್ತಿದ್ದೀರಾ?" ಅಂತ ಮಾತ್ರ.