ಆರ್‌ಒ ಫಿಲ್ಟರ್: ಎಎಂಸಿ ಮಾಡಿಸಲಾ, ಬೇಡ್ವಾ? ಸಹಾಯ ಬೇಕು

ನಮ್ಮದು ಬೋರ್‌ವೆಲ್ ನೀರು, ಟಿಡಿಎಸ್ 850. ಆರ್‌ಒ ಮೆಷಿನ್‌ನ ವಾರಂಟಿ ಮುಗಿದಿದೆ. ಕಂಪನಿಯವರು ವರ್ಷಕ್ಕೆ 5,400 ರೂಪಾಯಿಯ ಎಎಂಸಿ ಮಾಡಿಸಿ ಅಂತಿದ್ದಾರೆ. ಫಿಲ್ಟರ್, ಮೆಂಬ್ರೇನ್, ಸರ್ವಿಸ್ ಎಲ್ಲ ಅದರಲ್ಲೇ ಬರುತ್ತದಂತೆ. ಹೊರಗಿನ ಪ್ರೀ-ಫಿಲ್ಟರ್ ಕ್ಯಾಂಡಲ್ ಮಾತ್ರ ನಮ್ಮ ಖರ್ಚು, ವರ್ಷಕ್ಕೆ 600. ಅಲ್ಲಿಗೆ ತಿಂಗಳಿಗೆ 500 ಆಯ್ತು.

ಲೋಕಲ್ ಮೆಕ್ಯಾನಿಕ್ ಹತ್ತಿರವೂ ಕೇಳಿದೆ. ಸೆಡಿಮೆಂಟ್, ಕಾರ್ಬನ್ ಸೆಟ್‌ಗೆ ವರ್ಷಕ್ಕೆ 1,500, ಬಂದು ಹೋಗುವುದಕ್ಕೆ 700, ಕ್ಯಾಂಡಲ್‌ಗೆ ಅದೇ 600. ಮೆಂಬ್ರೇನ್ 2,400. ಅದು ಎರಡು ವರ್ಷ ಬಂದರೆ ತಿಂಗಳಿಗೆ ಸುಮಾರು 333 ಬೀಳುತ್ತದೆ, ಒಂದೇ ವರ್ಷಕ್ಕೆ ಹೋದರೆ 433. ಕರೆಂಟ್ ಎರಡು ಕಡೆಯೂ ಒಂದೇ, ಬಿಟ್ಟಿದ್ದೇನೆ. ಪಂಪ್ ಅಥವಾ ಅಡಾಪ್ಟರ್ ಕೆಟ್ಟರೆ ಈ ಲೆಕ್ಕವೂ ಏರುತ್ತದೆ, ಅಲ್ವಾ?

ಎಎಂಸಿ ಕಾಗದದಲ್ಲಿ ಮೆಂಬ್ರೇನ್ ‘ಅಗತ್ಯವಿದ್ದರೆ ಮಾತ್ರ’ ಅಂತಿದೆ. ಆ ಅಗತ್ಯ ಯಾರು ಹೇಳಬೇಕು? ಮೀಟರ್‌ನಲ್ಲಿ ನೋಡಿದರೆ ಈಗ ಕುಡಿಯುವ ನೀರು 70 ತೋರಿಸುತ್ತಿದೆ. ಟಿಡಿಎಸ್ ಅಡ್ಜಸ್ಟರ್ ಪೂರ್ತಿ ಮುಚ್ಚಿಯೇ ನೋಡಿದ್ದು. ಅಂದರೆ ಶೇಕಡಾ 92ರಷ್ಟು ಉಪ್ಪು ತೆಗೆಯುತ್ತಿದೆ, ಮೆಂಬ್ರೇನ್ ಚೆನ್ನಾಗಿಯೇ ಇದೆ ಅನಿಸುತ್ತದೆ.

ಇಂಥ ಗಡಸು ನೀರಿಗೆ ನಿಮ್ಮ ಮನೆಯ ಮೆಂಬ್ರೇನ್ ಎಷ್ಟು ದಿನ ಬಂತು? ಹೊರಬರುವ ನೀರಿನ ಟಿಡಿಎಸ್ ಎಷ್ಟಕ್ಕೆ ಏರಿದಾಗ ಬದಲಾಯಿಸಿದಿರಿ?