ಓದುಗರ ಸ್ಪಂದನ: ‘ಸರಿ.’ ಎಂದ ಮೇಲೆ ಗೆಳತಿ ಮಾತು ಬಿಟ್ಟಿದ್ದಾಳೆ

ಸಮಸ್ಯೆ: ಗೃಹಪ್ರವೇಶಕ್ಕೆ ಹೋಗಲಾಗದ ಓದುಗರೊಬ್ಬರಿಗೆ ಬಾಲ್ಯದ ಗೆಳತಿ ವಾಟ್ಸ್‌ಆ್ಯಪ್‌ನಲ್ಲಿ ‘ತಾವು ದೊಡ್ಡವರಾಗಿಬಿಟ್ಟಿರಿ, ಬಿಡಿ’ ಎಂದು ಬರೆದರು. ಇವರು ‘ಸರಿ.’ ಎಂದರು. ಮೂರು ವಾರಗಳಿಂದ ಇಬ್ಬರ ನಡುವೆ ಮಾತಿಲ್ಲ.

ಪ್ರಿಯ ಸಹೋದರಿ,

ನಿಮ್ಮನ್ನು ನೋಯಿಸಿದ್ದು ‘ತಾವು’ ಎಂಬ ಪದವೆಂದು ಬರೆದಿದ್ದೀರಿ. ಏಕವಚನದ ಸಲಿಗೆಯಿರುವವರು ಇದ್ದಕ್ಕಿದ್ದಂತೆ ಬಹುವಚನಕ್ಕೆ ಏರಿದರೆ ಅದು ಕೀಟಲೆಯೂ ಆಗಿರಬಹುದು, ನಿಜವಾದ ಮುನಿಸೂ ಆಗಿರಬಹುದು. ಎದುರಿಗಿದ್ದರೆ ‘ಬಿಡಿ’ ಎಂಬುದನ್ನು ಅವರು ಎಳೆದ ರಾಗದಿಂದಲೇ ನಿಮಗೆ ತಿಳಿಯುತ್ತಿತ್ತು. ಬರೆದಾಗ ಆ ರಾಗ ಬರೆದವರ ಕಿವಿಯಲ್ಲಷ್ಟೇ ಉಳಿಯುತ್ತದೆ. ಅಮೆರಿಕದ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಮೇಲ್ ಬರೆದವರು ತಮ್ಮ ಮಾತು ವ್ಯಂಗ್ಯವೋ ಗಂಭೀರವೋ ಎಂಬುದನ್ನು ಓದುವವರು ಶೇ 78ರಷ್ಟು ಸಲ ಗುರುತಿಸುವರೆಂದು ನಂಬಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ಶೇ 56ರಷ್ಟು ಮಾತ್ರ, ಅಂದರೆ ಕಣ್ಣು ಮುಚ್ಚಿ ಊಹಿಸಿದ್ದಕ್ಕಿಂತ ತುಸುವೇ ಹೆಚ್ಚು.

ನಿಮ್ಮ ಉತ್ತರದಲ್ಲಿದ್ದ ಪೂರ್ಣವಿರಾಮವನ್ನೂ ದಯವಿಟ್ಟು ಗಮನಿಸಿ. ಒಂದೇ ಪದದ ಸಂದೇಶ ಕಳುಹಿಸಿದ ಕೂಡಲೇ ಮುಗಿಯುವುದರಿಂದ ಅಲ್ಲಿ ಆ ಚುಕ್ಕಿಗೆ ಕೆಲಸವಿಲ್ಲ. ಕೆಲಸವಿಲ್ಲದ ಕಡೆ ಅದು ಕಂಡಾಗ ಓದುವವರು ಅದರಲ್ಲಿ ಬಿಗುವನ್ನು ಹುಡುಕುತ್ತಾರೆ. 2015ರಲ್ಲಿ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ಇಂಥ ಚುಟುಕು ಉತ್ತರಗಳನ್ನು ತೋರಿಸಿದಾಗ, ಚುಕ್ಕಿಯಿದ್ದವು ಕಡಿಮೆ ಪ್ರಾಮಾಣಿಕವೆನಿಸಿದವು. ಕೈಬರಹದ ಚೀಟಿಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ನೀವು ‘ಸರಿ ಕಣೇ’ ಎಂದಿದ್ದರೆ ಗೆಳತಿಗೆ ಬೇರೆಯೇ ದನಿ ಕೇಳುತ್ತಿತ್ತು. ‘ಕಣೇ’, ‘ಮಾರಾಯ್ತಿ’ ಎಂಬ ಮಾತುಗಳು ನಮ್ಮಲ್ಲಿ ಇಮೋಜಿಯ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿವೆ, ಮತ್ತು ನನ್ನ ಅನುಭವದಲ್ಲಿ ಇಮೋಜಿಗಿಂತ ಚೆನ್ನಾಗಿ ಮಾಡುತ್ತವೆ.

– ನಿವೃತ್ತ ಕನ್ನಡ ಅಧ್ಯಾಪಕಿ, ಶಿವಮೊಗ್ಗ

ಮಾನ್ಯರೇ,

ಒಂದು ಇಮೋಜಿ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದಿದ್ದೀರಿ. ನನಗೆ ಅಷ್ಟು ಭರವಸೆಯಿಲ್ಲ. ನನ್ನ ತಾಯಿ ಪ್ರೀತಿಯಿಂದ ಕಳುಹಿಸುವ 🙂 ಚಿಹ್ನೆಯನ್ನು ನನ್ನ ಮಗಳು ಅದುಮಿಟ್ಟ ಅಸಮಾಧಾನವೆಂದು ಓದಿ, ‘ಅಜ್ಜಿಗೆ ಬೇಸರವಾಗಿದೆಯೇ’ ಎಂದು ನನ್ನನ್ನು ಕೇಳಿದ್ದಳು. ಗೆಳತಿ 😂 ಸೇರಿಸಿದ್ದರೂ, ನೀವು ಬರಲಿಲ್ಲವೆಂಬ ನೋವು ಆ ಕೀಟಲೆಯೊಳಗೇ ಇದ್ದಿರಬಹುದು.

ಹಳೆಯ ಸಂದೇಶಗಳನ್ನು ಹಿಂದಕ್ಕೆ ಸರಿಸಿ ನೋಡಿರಿ. ಅವರು ಹಿಂದೆಯೂ ‘ತಾವು’ ಎಂದು ಕೆಣಕಿದ್ದು, ನೀವೂ ಅದೇ ಧಾಟಿಯಲ್ಲಿ ಮಾರುತ್ತರ ಕೊಟ್ಟಿದ್ದರೆ, ಈ ಸಲ ಆಟವನ್ನು ಮುರಿದದ್ದು ನಿಮ್ಮ ‘ಸರಿ.’ ಎಂದೇ ಅವರಿಗೆ ತೋರಿರುತ್ತದೆ. ಹಾಗೆ ಎಂದೂ ಕೆಣಕಿರದಿದ್ದರೆ ಅದನ್ನು ಮುನಿಸೆಂದೇ ತಿಳಿಯಿರಿ. ಎರಡರಲ್ಲಿ ಯಾವುದಾದರೂ, ಇನ್ನೊಂದು ಸಂದೇಶ ಬರೆಯದೆ ಕರೆ ಮಾಡಿ, ‘ಭಾನುವಾರ ನಿನ್ನ ಹೊಸ ಮನೆ ನೋಡಲು ಬರಲೇ?’ ಎಂದು ಕೇಳಿರಿ.

– ಓದುಗರು, ಹುಬ್ಬಳ್ಳಿ